ಚಿತ್ರದ ತಪ್ಪೋ, ಎದೆಯ ರೋಗವೋ?

ಎದೆಯ ಎಕ್ಸ್-ರೇ ಕೈಗೆ ಬಂದ ಕೂಡಲೇ ರೇಡಿಯೋಗ್ರಫಿ ಓದುವ ಮಕ್ಕಳ ಕಣ್ಣು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಎಲ್ಲಿ ಬಿಳಿ ಇದೆ, ಎಲ್ಲಿ ಕಪ್ಪು ಇದೆ ಎಂದು ಹುಡುಕಲು ಶುರುಮಾಡುತ್ತಾರೆ. ಕಣ್ಣು ಮೊದಲು ಹೋಗಬೇಕಾದದ್ದು ಶ್ವಾಸಕೋಶದ ಹೊರಗೆ ಇರುವ ನಾಲ್ಕು ಜಾಗಗಳಿಗೆ: ಕಾಲರ್ ಮೂಳೆಗಳ ಒಳತುದಿ, ವಪೆಯ ಮೇಲೆ ಕಾಣುವ ಪಕ್ಕೆಲುಬುಗಳು, ಹೃದಯದ ನೆರಳಿನ ಹಿಂದಿರುವ ಬೆನ್ನುಮೂಳೆ, ಹೆಗಲ ಹಲಗೆಮೂಳೆಯ ಅಂಚು. ರೋಗಿ ಹೇಗೆ ನಿಂತಿದ್ದರು, ಉಸಿರು ಎಷ್ಟು ಎಳೆದರು, ಕಿರಣ ಸಾಕಷ್ಟು ಬಿತ್ತೇ ಎಂಬುದನ್ನು ಈ ನಾಲ್ಕು ಜಾಗಗಳು ಹೇಳುತ್ತವೆ. ಅದು ತಿಳಿಯುವ ಮೊದಲು ಶ್ವಾಸಕೋಶದ ಬಗ್ಗೆ ಆಡುವ ಯಾವ ಮಾತಿಗೂ ನೆಲೆಯಿಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. 2024ರ ಡಿಸೆಂಬರ್ 7ರಂದು ದೇಶದ 347 ಜಿಲ್ಲೆಗಳಲ್ಲಿ ಕ್ಷಯರೋಗ ಪತ್ತೆಯ ನೂರು ದಿನಗಳ ಅಭಿಯಾನ ಆರಂಭವಾದ ಮೇಲೆ ಕೈಯಲ್ಲಿ ಹಿಡಿಯಬಹುದಾದ ಸಣ್ಣ ಎಕ್ಸ್-ರೇ ಯಂತ್ರಗಳು ಊರೂರಿನ ಶಿಬಿರಗಳಿಗೆ ಬರತೊಡಗಿವೆ. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಟ್ಯೂಬ್ ಚಾವಣಿಗೋ ಕಂಬಕ್ಕೋ ಕೂಡಿಕೊಂಡಿರುತ್ತದೆ, ದೂರ ಮೊದಲೇ ಗೊತ್ತಾಗಿರುತ್ತದೆ, ಎದೆ ಒತ್ತಿ ನಿಲ್ಲಲು ಸ್ಟ್ಯಾಂಡ್ ಇರುತ್ತದೆ. ಶಾಲೆಯ ಜಗಲಿಯಲ್ಲೋ ಪಂಚಾಯಿತಿ ಸಭಾಂಗಣದಲ್ಲೋ ನಡೆಯುವ ಶಿಬಿರದಲ್ಲಿ ಇದನ್ನೆಲ್ಲ ಆ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ತಪ್ಪು ನುಸುಳಲು ಅಲ್ಲಿ ಅವಕಾಶ ಹೆಚ್ಚು.

ಹಳ್ಳಿಗೆ ಎಕ್ಸ್-ರೇ ಹೋಗುವುದು ನಮ್ಮ ಭಾಗಕ್ಕೆ ಹೊಸತಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಒಂದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಎದೆಯ ಚಿತ್ರ ತೆಗೆದದ್ದು 70 ಮಿಲಿಮೀಟರ್‌ನ ಕಿರು ಫಿಲ್ಮಿನಲ್ಲಿ. ಒಬ್ಬರ ಕಣ್ಣನ್ನೇ ನಂಬದೆ ಇಬ್ಬರು ಬೇರೆ ಬೇರೆಯಾಗಿ ಓದುತ್ತಿದ್ದರು. ಅಂಥ ಸಮೀಕ್ಷೆಯಲ್ಲಿ ಚಿತ್ರದಲ್ಲಿ ನೆರಳು ಕಂಡವರಿಂದ ಕಫ ತೆಗೆದುಕೊಳ್ಳುವುದು ಕ್ರಮ. ಅಂದರೆ ಮುಂದಿನ ಹೆಜ್ಜೆಗೆ ಯಾರು ಹೋಗಬೇಕು, ಯಾರು ಮನೆಗೆ ಹೋಗಬೇಕು ಎಂಬುದನ್ನು ಚಿತ್ರವೇ ತೀರ್ಮಾನಿಸುತ್ತದೆ. ಇಂದಿನ ಶಿಬಿರದಲ್ಲೂ ಅದು ಹಾಗೆಯೇ ಇದೆ. ಚಿತ್ರ ಕೆಟ್ಟರೆ ರೋಗವಿಲ್ಲದವರು ಅಲೆಯುತ್ತಾರೆ, ರೋಗವಿದ್ದವರು ಮನೆಗೆ ಹೋಗುತ್ತಾರೆ.

ಪಾಠಕ್ಕಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಒಂದು ಹಳ್ಳಿ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದ, ಐವತ್ತೆಂಟು ವರ್ಷದ ಒಬ್ಬ ನೇಕಾರರು ಮೂರು ವಾರದಿಂದ ಬಿಡದ ಕೆಮ್ಮೆಂದು ಶಿಬಿರಕ್ಕೆ ಬರುತ್ತಾರೆ. ಯಂತ್ರವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಕೂರಿಸಲಾಗಿದೆ. ಅವರು ಡಿಟೆಕ್ಟರಿಗೆ ಎದೆ ಕೊಟ್ಟು, ಕಿರಣ ಬೆನ್ನಿಂದ ಬರುವಂತೆ ನಿಂತಿದ್ದಾರೆ. ಇದನ್ನೇ ನಾವು ಪಿಎ ಎನ್ನುತ್ತೇವೆ. ಚಿತ್ರ ಬಂತು. ತರಬೇತಿಯಲ್ಲಿರುವ ವಿದ್ಯಾರ್ಥಿ ತಾನು ಕಂಡದ್ದನ್ನು ಹೀಗೆ ಬರೆದುಕೊಳ್ಳುತ್ತಾನೆ: ಶ್ವಾಸನಾಳ ಬಲಕ್ಕೆ ಎಳೆದುಕೊಂಡಿದೆ, ಎಡ ಶ್ವಾಸಕೋಶ ಬಲಕ್ಕಿಂತ ಬೇರೆ ಛಾಯೆಯಲ್ಲಿದೆ, ಎರಡೂ ತಳಭಾಗ ಮಬ್ಬಾಗಿದೆ, ಹೃದಯ ದೊಡ್ಡದಾಗಿದೆ, ಎಲ್ಲ ಕಡೆ ಸಣ್ಣ ಸಣ್ಣ ಚುಕ್ಕೆಗಳಿವೆ. ಪಠ್ಯಪುಸ್ತಕ ಓದಿದವರಿಗೆ ಇದು ಒಂದು ಕಥೆಯಾಗಿ ಕೂಡಿಕೊಳ್ಳುತ್ತದೆ. ಬಲ ಮೇಲ್ಭಾಗದಲ್ಲಿ ಹಳೆಯ ಕ್ಷಯ ಗಾಯವಾಗಿ ಒಣಗಿ ಶ್ವಾಸನಾಳವನ್ನು ತನ್ನತ್ತ ಸೆಳೆದಿದೆ, ಈಗ ರೋಗ ಹರಡುತ್ತಿದೆ, ಹೃದಯವೂ ಸೋತಿದೆ ಎಂಬ ಕಥೆ.

ಈಗ ಆ ನಾಲ್ಕು ಜಾಗಗಳನ್ನು ನೋಡೋಣ.

ಮೊದಲು ಕಾಲರ್ ಮೂಳೆ. ಎರಡೂ ಕಾಲರ್ ಮೂಳೆಗಳ ಒಳತುದಿ ಎದೆಯ ಮುಂಭಾಗದಲ್ಲಿದೆ. ಬೆನ್ನುಮೂಳೆಯ ಹಿಂದೆ ಚಾಚಿಕೊಂಡಿರುವ ಮುಳ್ಳು, ಬೆನ್ನು ಸವರಿದರೆ ಕೈಗೆ ಸಿಗುತ್ತದಲ್ಲ ಅದು, ದೇಹದ ತೀರ ಹಿಂಭಾಗದಲ್ಲಿದೆ. ಚಿತ್ರದಲ್ಲಿ ಅದು ನಡುಗೆರೆಯ ಮೇಲೆ ಹನಿಯಂತೆ ಕಾಣುತ್ತದೆ. ರೋಗಿ ನೇರವಾಗಿ ನಿಂತಿದ್ದರೆ ಈ ಮುಳ್ಳು ಎರಡು ಕಾಲರ್ ತುದಿಗಳ ಸರಿಮಧ್ಯದಲ್ಲಿ ಬೀಳುತ್ತದೆ. ಅವರು ಸ್ವಲ್ಪ ತಿರುಗಿದರೆ ಮುಂದಿನದು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಸರಿಯುತ್ತದೆ. ತಿರುಗುವಿಕೆ ಸಣ್ಣದಿದ್ದರೂ ಚಿತ್ರದಲ್ಲಿ ಅದು ಢಾಳಾಗಿ ಕಾಣುವುದು ಇದರಿಂದಲೇ.

ಎಷ್ಟು ಎಂದು ಲೆಕ್ಕ ಹಾಕಬಹುದು. ವಯಸ್ಕರಲ್ಲಿ ಕಾಲರ್ ತುದಿಗೂ ಹಿಂದಿನ ಮುಳ್ಳಿಗೂ ಮುಂದೆ-ಹಿಂದೆ ಸುಮಾರು 12 ಸೆಂಟಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. 5 ಡಿಗ್ರಿ ತಿರುಗಿದರೆ ಅವು ಒಂದಕ್ಕೊಂದು ಹೋಲಿಸಿದಾಗ ಸುಮಾರು 1 ಸೆಂಟಿಮೀಟರ್ ಸರಿಯುತ್ತವೆ. ನಮ್ಮ ನೇಕಾರರ ಚಿತ್ರದಲ್ಲಿ ಬಲ ಕಾಲರ್ ತುದಿ ಮುಳ್ಳಿನಿಂದ 3.5 ಸೆಂಟಿಮೀಟರ್ ದೂರವಿದೆ, ಎಡ ತುದಿ ಬರೀ ಅರ್ಧ ಸೆಂಟಿಮೀಟರ್ ದೂರವಿದೆ. ಸರಿಯಾಗಿ ನಿಂತಿದ್ದರೆ ಎರಡೂ ಕಡೆ 2 ಸೆಂಟಿಮೀಟರ್ ಇರಬೇಕಿತ್ತು. ಸರಿದದ್ದು 1.5 ಸೆಂಟಿಮೀಟರ್, ಅಂದರೆ ಸುಮಾರು 7 ಡಿಗ್ರಿ. ಎದುರಿಗೆ ನಿಂತು ನೋಡಿದರೆ 7 ಡಿಗ್ರಿ ಕಣ್ಣಿಗೆ ಹೊಳೆಯುವುದೇ ಇಲ್ಲ. ಬಲ ಹೆಗಲು ಡಿಟೆಕ್ಟರಿನಿಂದ ಒಂದೆರಡು ಬೆರಳಷ್ಟು ಹಿಂದೆ ಉಳಿದರೆ ಸಾಕು.

ತಿರುಗಿದ್ದು ಯಾವ ಕಡೆಗೆ? ಬಲ ಹೆಗಲು ಹಿಂದೆ ಹೋದರೆ ರೋಗಿಯ ಮುಖ ಅವರ ಬಲಕ್ಕೆ ಹೊರಳುತ್ತದೆ. ಆಗ ಎದೆಯ ಮುಂಭಾಗದ ವಸ್ತುಗಳೆಲ್ಲ ಬಲಕ್ಕೆ ಸರಿಯುತ್ತವೆ, ಬೆನ್ನ ಮುಳ್ಳು ಎಡಕ್ಕೆ ಹೋಗುತ್ತದೆ. ಹೃದಯ, ಎದೆಮೂಳೆಯ ಅಂಚು, ಶ್ವಾಸನಾಳ ಎಲ್ಲವೂ ಮುಳ್ಳಿಗಿಂತ ಮುಂದಿವೆ, ಎಲ್ಲವೂ ಬಲಕ್ಕೆ ಸರಿದಂತೆ ತೋರುತ್ತವೆ. ಎದೆಮೂಳೆಯ ಮೇಲಿನ ಅಂಚೋ ದೊಡ್ಡ ರಕ್ತನಾಳವೋ ಬಲಗಡೆ ಉಬ್ಬಿಕೊಂಡು ಗೆಡ್ಡೆಯಂತೆ ಕಾಣುವುದೂ ಉಂಟು. ಬಲಕ್ಕೆ ತಿರುಗಿದ್ದರೆ ಬಲಗಡೆಯ ಅಂತರ ದೊಡ್ಡದು, ಎಡಕ್ಕೆ ತಿರುಗಿದ್ದರೆ ಎಡಗಡೆಯ ಅಂತರ ದೊಡ್ಡದು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಹಾಗಾದರೆ ವಿದ್ಯಾರ್ಥಿ ಕಂಡ ‘ಬಲಕ್ಕೆ ಎಳೆದ ಶ್ವಾಸನಾಳ’ ಸುಳ್ಳೇ? ಇಲ್ಲಿ ಅವಸರ ಬೇಡ. ರೊಟೇಶನ್ ಇದೆ ಎಂದಾಕ್ಷಣ ಶ್ವಾಸನಾಳದ ಸರಿತವನ್ನೆಲ್ಲ ಅದರ ತಲೆಗೆ ಕಟ್ಟುವುದೂ ತಪ್ಪು. ಶ್ವಾಸನಾಳ ಎಲ್ಲಿದೆ ನೋಡಿ: ಕಾಲರ್ ತುದಿಗಳ ಹಿಂದೆ, ಬೆನ್ನುಮೂಳೆಯ ಮುಂದೆ. ಹಿಂದಿನ ಮುಳ್ಳಿಗೂ ಮುಂದಿನ ಕಾಲರ್ ತುದಿಗೂ ನಡುವೆ ಎಲ್ಲೋ ಅದು ನಿಂತಿದೆ. ಆದ್ದರಿಂದ ತಿರುಗುವಿಕೆಯೊಂದೇ ಕಾರಣವಾಗಿದ್ದರೆ ಚಿತ್ರದಲ್ಲೂ ಅದು ಮುಳ್ಳಿಗೂ, ಎರಡು ಕಾಲರ್ ತುದಿಗಳ ಮಧ್ಯಬಿಂದುವಿಗೂ ನಡುವೆಯೇ ಬೀಳಬೇಕು. ನಮ್ಮ ಚಿತ್ರದಲ್ಲಿ ಕಾಲರ್ ತುದಿಗಳ ಮಧ್ಯಬಿಂದು ಮುಳ್ಳಿನಿಂದ 1.5 ಸೆಂಟಿಮೀಟರ್ ಬಲಕ್ಕಿದೆ. ಶ್ವಾಸನಾಳ ಮುಳ್ಳಿನಿಂದ ಸುಮಾರು 1 ಸೆಂಟಿಮೀಟರ್ ಬಲಕ್ಕಿದ್ದರೆ ಅದು ತಿರುಗುವಿಕೆಗೆ ಹೊಂದುತ್ತದೆ. ಅದೇ 2.5 ಸೆಂಟಿಮೀಟರ್ ಬಲಕ್ಕಿದ್ದರೆ, ಅಂದರೆ ಕಾಲರ್ ಮಧ್ಯಬಿಂದುವನ್ನೂ ದಾಟಿದ್ದರೆ, ಬರೀ ತಿರುಗುವಿಕೆಯಿಂದ ಹಾಗಾಗಲು ಸಾಧ್ಯವಿಲ್ಲ. ಅಲ್ಲಿ ನಿಜವಾಗಿ ಏನೋ ಎಳೆಯುತ್ತಿದೆ, ಇಲ್ಲವೇ ಎಡದಿಂದ ಏನೋ ತಳ್ಳುತ್ತಿದೆ. ಮಹಾಪಧಮನಿಯ ತಿರುವಿನ ಬಳಿ ಶ್ವಾಸನಾಳ ಆರೋಗ್ಯವಂತರಲ್ಲೂ ತುಸು ಬಲಕ್ಕೆ ಬಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾಲರ್ ತುದಿಗಳ ಮಟ್ಟದಲ್ಲಿ ನೋಡಿ.

ಇದಕ್ಕೂ ಒಂದು ಮಿತಿ ಇದೆ. ಬೆನ್ನುಮೂಳೆಯೇ ಪಕ್ಕಕ್ಕೆ ಬಾಗಿರುವವರಲ್ಲಿ ಮುಳ್ಳುಗಳು ತಾವಾಗಿಯೇ ನಡುಗೆರೆ ಬಿಟ್ಟಿರುತ್ತವೆ. ಅವರನ್ನು ಎಷ್ಟು ನೇರ ನಿಲ್ಲಿಸಿದರೂ ಅಂತರ ಸಮವಾಗುವುದಿಲ್ಲ. ಒಂದೇ ಮಟ್ಟದಲ್ಲಿ ಅಳೆಯದೆ ಮೇಲಿನಿಂದ ಕೆಳಗಿನವರೆಗೆ ಮುಳ್ಳುಗಳ ಸಾಲನ್ನು ಕಣ್ಣಲ್ಲಿ ಹಿಂಬಾಲಿಸಿದರೆ ಇದು ಗೊತ್ತಾಗುತ್ತದೆ. ಸಾಲು ನೇರವಿದ್ದು ಇಡಿಯಾಗಿ ಒಂದು ಕಡೆಗೆ ಸರಿದಿದ್ದರೆ ತಿರುಗುವಿಕೆ, ಸಾಲೇ ಬಿಲ್ಲಿನಂತೆ ಬಾಗಿದ್ದರೆ ಬೆನ್ನಿನ ವಕ್ರತೆ. ವಕ್ರತೆಯಿದ್ದವರನ್ನು ಮತ್ತೆ ಮತ್ತೆ ನಿಲ್ಲಿಸಿ ಚಿತ್ರ ತೆಗೆಯುವುದರಿಂದ ಅವರಿಗೆ ಕಿರಣ ಹೆಚ್ಚು ಬೀಳುವುದೇ ಹೊರತು ಬೇರೇನೂ ಸಿಗದು.

ಎರಡು ಶ್ವಾಸಕೋಶಗಳ ಛಾಯೆ ಬೇರೆ ಬೇರೆ ಇದ್ದದ್ದಕ್ಕೂ ತಿರುಗುವಿಕೆಯೇ ಕಾರಣವಾಗಬಹುದು. ದೇಹ ಓರೆಯಾದಾಗ ಒಂದು ಕಡೆ ಕಿರಣ ಎದೆ, ಬೆನ್ನಿನ ಸ್ನಾಯುಗಳನ್ನು ಹೆಚ್ಚು ದಾಟಬೇಕಾಗುತ್ತದೆ, ಇನ್ನೊಂದು ಕಡೆ ಕಡಿಮೆ. ಹೆಚ್ಚು ದಾಟಿದ ಕಡೆ ಬಿಳಿಚು, ಕಡಿಮೆ ದಾಟಿದ ಕಡೆ ಕಪ್ಪು. ಶ್ವಾಸಕೋಶದ ಒಳಗೇ ಗಾಳಿ ಹೆಚ್ಚಿ ಕಪ್ಪಾಗಿದೆಯೋ, ತಿರುಗಿದ್ದರಿಂದ ಕಪ್ಪಾಗಿದೆಯೋ ಎಂದು ಬೇರ್ಪಡಿಸುವ ಉಪಾಯ ಸುಲಭ. ಪಕ್ಕೆಲುಬಿನ ಹೊರಗೆ, ಕಂಕುಳ ಬಳಿಯ ಮಾಂಸದ ಛಾಯೆಯನ್ನು ಎರಡೂ ಕಡೆ ಹೋಲಿಸಿ. ಅಲ್ಲೂ ಅದೇ ವ್ಯತ್ಯಾಸವಿದ್ದರೆ ಕಾರಣ ಶ್ವಾಸಕೋಶದ ಹೊರಗಿದೆ. ಜೊತೆಗೆ ರಕ್ತನಾಳಗಳ ಕವಲುಗಳು ಎರಡೂ ಕಡೆ ಒಂದೇ ದಪ್ಪದಲ್ಲಿ, ಒಂದೇ ದಟ್ಟಣೆಯಲ್ಲಿ ಇವೆಯೇ ನೋಡಿ. ಇದ್ದರೆ ಕಪ್ಪಾಗಿ ಕಂಡ ಕಡೆಗೆ ರೋಗದ ಹೆಸರು ಹಚ್ಚುವ ಮೊದಲು ರೋಗಿಯನ್ನು ನೇರ ನಿಲ್ಲಿಸಬೇಕು.

ಇನ್ನು ಉಸಿರು. ಬಲ ವಪೆಯ ಮೇಲೆ ಹಿಂಬದಿಯ ಪಕ್ಕೆಲುಬುಗಳು ಒಂಬತ್ತೋ ಹತ್ತೋ ಕಾಣಬೇಕು, ಮುಂಬದಿಯವಾದರೆ ಐದಾರು. ಹಿಂಬದಿಯ ಪಕ್ಕೆಲುಬು ಬೆನ್ನುಮೂಳೆಯಿಂದ ಹೊರಟು ಹೆಚ್ಚುಕಡಿಮೆ ಅಡ್ಡಲಾಗಿ ಸಾಗುತ್ತದೆ, ಮುಂಬದಿಯದು ಓರೆಯಾಗಿ ಕೆಳಗಿಳಿಯುತ್ತದೆ. ಎಣಿಸುವಾಗ ಎರಡನ್ನೂ ಬೆರೆಸಬೇಡಿ. ನಮ್ಮ ನೇಕಾರರ ಚಿತ್ರದಲ್ಲಿ ಹಿಂಬದಿಯವು ಏಳೇ ಕಂಡವು. ಉಸಿರು ಪೂರ್ತಿ ಎಳೆಯುವ ಮೊದಲೇ ಬಟನ್ ಒತ್ತಿದ್ದಾರೆ. ವಪೆ ಮೇಲೇರಿದ್ದರಿಂದ ತಳಭಾಗದ ರಕ್ತನಾಳಗಳು ಒಂದರ ಪಕ್ಕ ಒಂದು ಒತ್ತರಿಸಿಕೊಂಡು ಮಬ್ಬು ನೆರಳಾಗಿ ಕಾಣುತ್ತಿವೆ. ಹೃದಯ ಅಡ್ಡಲಾಗಿ ಮಲಗಿಕೊಂಡು ಅಗಲವಾಗಿದೆ. ಎರಡೂ ತಳದ ಮಬ್ಬು, ದೊಡ್ಡ ಹೃದಯ, ಈ ಎರಡಕ್ಕೂ ಇದೊಂದೇ ಕಾರಣ ಸಾಕು.

ಉಸಿರಾಟದ ಸೂಚನೆ ಕೊಡುವುದರಲ್ಲೂ ಕೆಲಸವಿದೆ. ‘ಉಸಿರು ಬಿಗಿ ಹಿಡೀರಿ’ ಎಂದರೆ ಕೆಲವರು ಇದ್ದ ಉಸಿರನ್ನೇ ಹಿಡಿದುಬಿಡುತ್ತಾರೆ. ‘ಅಣ್ಣಾ, ಒಂದ್ಸಲ ಉಸಿರು ಪೂರ್ತಿ ಬಿಡಿ, ಈಗ ಜೋರಾಗಿ ಒಳಕ್ಕೆ ಎಳ್ಕೊಳ್ಳಿ, ಹಂಗೇ ಹಿಡ್ಕೊಳ್ಳಿ’ ಎಂದು ಬಟನ್ ಒತ್ತುವ ಮೊದಲೇ ಒಮ್ಮೆ ಅಭ್ಯಾಸ ಮಾಡಿಸಬೇಕು. ಕೆಮ್ಮುವವರಿಗೆ ಆಳವಾಗಿ ಎಳೆದ ಮೊದಲ ಉಸಿರಿಗೇ ಕೆಮ್ಮು ಬರುತ್ತದೆ. ಅಭ್ಯಾಸದಲ್ಲಿ ಆ ಕೆಮ್ಮು ಕಳೆದುಹೋದರೆ ಎರಡನೆಯ ಸಲ ಹಿಡಿದುಕೊಳ್ಳಲು ಅವರಿಗೆ ಸುಲಭ. ಹೆಗಲು ಮೇಲೇರುವುದನ್ನು ನೋಡಿ ‘ಎಳ್ಕೊಂಡ್ರು’ ಎಂದು ತಿಳಿಯಬೇಡಿ, ಹೊಟ್ಟೆ ಮತ್ತು ಪಕ್ಕೆ ಉಬ್ಬುವುದನ್ನು ನೋಡಿ.

ಹೃದಯದ ಅಳತೆಗೆ ದೂರವೂ ಸೇರಿಕೊಳ್ಳುತ್ತದೆ. ಹೃದಯದ ಅಗಲ ಎದೆಯ ಒಳ ಅಗಲದ ಅರ್ಧ ಮೀರಬಾರದು ಎಂಬ ನಿಯಮ ಪೂರ್ತಿ ಉಸಿರೆಳೆದು ನಿಂತವರ, ಸುಮಾರು 180 ಸೆಂಟಿಮೀಟರ್ ದೂರದಿಂದ ತೆಗೆದ ಪಿಎ ಚಿತ್ರಕ್ಕೆ ಹೇಳಿದ್ದು. ಪಿಎಯಲ್ಲಿ ಹೃದಯ ಡಿಟೆಕ್ಟರಿಗೆ ಹತ್ತಿರ, ಸುಮಾರು 8 ಸೆಂಟಿಮೀಟರ್ ಎನ್ನೋಣ. 180 ಸೆಂಟಿಮೀಟರ್ ದೂರದಿಂದ ತೆಗೆದರೆ 12 ಸೆಂಟಿಮೀಟರ್ ಅಗಲದ ಹೃದಯ 12.6 ಆಗಿ ಬೀಳುತ್ತದೆ. ಮಲಗಿದ ರೋಗಿಗೆ ಎದೆಯ ಕಡೆಯಿಂದ, 100 ಸೆಂಟಿಮೀಟರ್ ದೂರದಿಂದ ತೆಗೆದಾಗ ಹೃದಯ ಡಿಟೆಕ್ಟರಿನಿಂದ 15 ಸೆಂಟಿಮೀಟರ್ ಮೇಲಿದ್ದರೆ ಅದೇ ಹೃದಯ 14.1 ಆಗುತ್ತದೆ. ಚಿತ್ರದ ಮೇಲೆ ‘ಎಪಿ’, ‘ಮಲಗಿ’ ಎಂದು ಬರೆಯದೆ ಬಿಟ್ಟರೆ ಓದುವವರು ಈ ಒಂದೂವರೆ ಸೆಂಟಿಮೀಟರನ್ನು ಹೃದಯದ ಕಾಯಿಲೆಯ ಲೆಕ್ಕಕ್ಕೆ ಸೇರಿಸುತ್ತಾರೆ.

ಈಗ ಎಕ್ಸ್‌ಪೋಶರ್. ಹಳೆಯ ಕಾಲದ ಫಿಲ್ಮ್ ಓದಿದ ಮೇಷ್ಟ್ರುಗಳು ಇದನ್ನು ಸರಳವಾಗಿ ಕಲಿಸುತ್ತಿದ್ದರು. ಹೃದಯದ ನೆರಳಿನ ಹಿಂದೆ ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಸಂದು ಮಸುಕಾಗಿ ಕಾಣಬೇಕು. ಕಾಣದೆ ಎಲ್ಲ ಬೆಳ್ಳಗಿದ್ದರೆ ಕಿರಣ ಕಡಿಮೆಯಾಗಿದೆ, ಸಂದುಗಳು ತೀರ ಸ್ಪಷ್ಟವಾಗಿ ಕಂಡು ಶ್ವಾಸಕೋಶ ಸುಟ್ಟಂತೆ ಕಪ್ಪಾಗಿದ್ದರೆ ಹೆಚ್ಚಾಗಿದೆ. ಫಿಲ್ಮಿಗೆ ಈ ಮಾತು ಈಗಲೂ ನಿಜ. ಬಿಳಿಚಿದ ಫಿಲ್ಮಿನಲ್ಲಿ ಸಾಧಾರಣ ರಕ್ತನಾಳಗಳೂ ರೋಗದ ಎಳೆಗಳಂತೆ ಎದ್ದು ಕಾಣುತ್ತವೆ. ಹೃದಯದ ಹಿಂದೆ ಇರುವ ನಿಜವಾದ ನ್ಯುಮೋನಿಯಾ ಬಿಳಿಯಲ್ಲಿ ಬಿಳಿಯಾಗಿ ಮುಚ್ಚಿಹೋಗುತ್ತದೆ. ಎಡ ವಪೆಯ ಗೆರೆ ಹೃದಯದ ಹಿಂದೆ ಬೆನ್ನುಮೂಳೆಯವರೆಗೂ ಸಾಗಿದೆಯೇ ಎಂದು ನೋಡುವ ಅಭ್ಯಾಸ ಇಲ್ಲಿ ನೆರವಾಗುತ್ತದೆ. ಬೇರೆಲ್ಲ ಚೆನ್ನಾಗಿ ಮೂಡಿ ಈ ಗೆರೆ ಮಾತ್ರ ಮಾಯವಾಗಿದ್ದರೆ ರೋಗದ ಅನುಮಾನ. ಬೆನ್ನುಮೂಳೆಯೂ ಜೊತೆಗೆ ಮಾಯವಾಗಿದ್ದರೆ ಎಕ್ಸ್‌ಪೋಶರಿನ ಅನುಮಾನ.

ಡಿಜಿಟಲ್ ಚಿತ್ರದಲ್ಲಿ ಈ ಬಿಳಿ-ಕಪ್ಪಿನ ಸಾಕ್ಷಿಯನ್ನು ನಂಬುವಂತಿಲ್ಲ, ಮತ್ತು ಇಂದಿನ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕಿರಣ ಅರ್ಧ ಬಿದ್ದರೂ ದುಪ್ಪಟ್ಟು ಬಿದ್ದರೂ ಸಾಫ್ಟ್‌ವೇರ್ ಛಾಯೆಯನ್ನು ಸರಿದೂಗಿಸಿ ಪರದೆಯ ಮೇಲೆ ಒಂದೇ ಹದದ ಚಿತ್ರ ತೋರಿಸುತ್ತದೆ. ಕಿರಣ ಕಡಿಮೆಯಾದದ್ದು ಬೇರೆ ರೂಪದಲ್ಲಿ ಉಳಿದಿರುತ್ತದೆ: ಮರಳು ಚೆಲ್ಲಿದಂಥ ಒರಟು ಚುಕ್ಕೆಗಳಾಗಿ. ಡಿಟೆಕ್ಟರಿಗೆ ಅರ್ಧದಷ್ಟೇ ಕಿರಣ ಬಂದರೆ ಚಿತ್ರದ ಈ ಗದ್ದಲ ಸುಮಾರು 1.4 ಪಟ್ಟು ಹೆಚ್ಚುತ್ತದೆ. ಕಿರಣ ಅತಿ ಕಡಿಮೆ ತಲುಪುವ ಹೃದಯದ ಹಿಂದೆ, ವಪೆಯ ಕೆಳಗೆ, ಹೆಗಲ ಬಳಿ ಅದು ಮೊದಲು ಕಾಣುತ್ತದೆ. ಆದ್ದರಿಂದ ಚಿತ್ರವನ್ನು ದೊಡ್ಡದು ಮಾಡಿ ಆ ಜಾಗಗಳನ್ನೇ ನೋಡಬೇಕು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ತಿರುಗಿಸಿದರೆ ಛಾಯೆ ಬದಲಾಗುತ್ತದೆ, ಬರದೇ ಹೋದ ಮಾಹಿತಿ ಬರುವುದಿಲ್ಲ. ಅಂಚು ಹರಿತ ಮಾಡುವ ಸೆಟ್ಟಿಂಗ್ ಹೆಚ್ಚಿಸಿದರೆ ಈ ಚುಕ್ಕೆಗಳೂ ಹರಿತವಾಗಿ, ಶ್ವಾಸಕೋಶದ ತುಂಬ ಸಾಸಿವೆಯಂಥ ಕಾಳುಗಳಿವೆ ಎಂಬ ಭ್ರಮೆ ಹುಟ್ಟುತ್ತದೆ.

ಆ ಭ್ರಮೆ ಈ ಭಾಗದಲ್ಲಿ ಸಣ್ಣ ವಿಷಯವಲ್ಲ. ಶ್ವಾಸಕೋಶದ ತುಂಬ ಹರಡಿದ ಕ್ಷಯವೂ, ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಇಂಥ ಸಣ್ಣ ಕಾಳುಗಳಾಗಿಯೇ ಕಾಣುತ್ತವೆ. ದೇವನಹಳ್ಳಿ ಕಡೆಯ ಕೊಯಿರದಲ್ಲಿ ಕಲ್ಲು ಕೆತ್ತುವವರು ಇದ್ದಾರೆ, ಸುತ್ತಮುತ್ತ ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದೂಳಿನ ಕಾಯಿಲೆಗಳ ಚಿತ್ರ ಓದಲು ರೂಪಿಸಿದ ವರ್ಗೀಕರಣದಲ್ಲಿ ರೋಗದ ದರ್ಜೆ ಬರೆಯುವ ಮೊದಲು ಚಿತ್ರದ ಗುಣಮಟ್ಟಕ್ಕೆ 1ರಿಂದ 4ರವರೆಗೆ ಅಂಕ ಹಾಕಬೇಕು. 4 ಎಂದರೆ ಆ ಚಿತ್ರವನ್ನು ಓದಲೇಬಾರದು. ಅತಿ ಸಣ್ಣ ಕಾಳುಗಳ ಗುಂಪಿಗೆ ಅಲ್ಲಿರುವ ಮಿತಿ 1.5 ಮಿಲಿಮೀಟರ್. ಗದ್ದಲದ ಚುಕ್ಕೆಗಳು ಕಣ್ಣಿಗೆ ಮೋಸ ಮಾಡುವುದು ಈ ಗಾತ್ರದಲ್ಲೇ. ಬೇರ್ಪಡಿಸುವ ದಾರಿ ಒಂದಿದೆ. ಗದ್ದಲ ಶ್ವಾಸಕೋಶದ ಒಳಗೆ ಮಾತ್ರ ಇರುವುದಿಲ್ಲ, ಹೆಗಲಿನ ಮಾಂಸದಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿಯೂ ಇರುತ್ತದೆ. ರೋಗದ ಕಾಳು ಶ್ವಾಸಕೋಶದ ಗಡಿ ದಾಟಿ ಹೋಗುವುದಿಲ್ಲ.

ಕಣ್ಣಿನ ಜೊತೆಗೆ ಪರದೆಯ ಮೂಲೆಯಲ್ಲಿ ಒಂದು ಅಂಕಿಯೂ ಇರುತ್ತದೆ. EI ಎಂದಿದ್ದರೆ ಅದು ಡಿಟೆಕ್ಟರಿಗೆ ತಲುಪಿದ ಕಿರಣದ ಅಳತೆ. ಆ ಪರೀಕ್ಷೆಗೆ ನಿಗದಿಪಡಿಸಿದ ಗುರಿ EIT. ಎರಡರ ವ್ಯತ್ಯಾಸ DI.

DI = 10 × log10(EI ÷ EIT)

ಗುರಿ ಮುಟ್ಟಿದರೆ DI ಸೊನ್ನೆ. ಅರ್ಧವಾದರೆ −3, ದುಪ್ಪಟ್ಟಾದರೆ +3. ನಮ್ಮ ಶಿಬಿರದ ಯಂತ್ರದ ಗುರಿ 300 ಎಂದುಕೊಳ್ಳಿ, ನೇಕಾರರ ಚಿತ್ರಕ್ಕೆ ಬಂದದ್ದು 150. DI −3.0. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2009ರಲ್ಲಿ ಕೊಟ್ಟ ಸಲಹೆಯಂತೆ −1ರಿಂದ −3ರವರೆಗೆ ಬಂದಾಗ ರೇಡಿಯಾಲಜಿಸ್ಟರನ್ನು ಕೇಳಬೇಕು, −3ಕ್ಕೂ ಕೆಳಗೆ ಹೋದರೆ ಮತ್ತೆ ತೆಗೆಯಬೇಕು. ಅಂದರೆ ನಮ್ಮದು ಗಡಿಯ ಮೇಲೆ ನಿಂತಿದೆ. ಈ ಲೆಕ್ಕ ಹೊಸ ಯಂತ್ರಗಳಿಗೆ ಹೊಂದುತ್ತದೆ. ಹಳೆಯ ಫ್ಯೂಜಿ ಕ್ಯಾಸೆಟ್ ವ್ಯವಸ್ಥೆಯಲ್ಲಿ ಕಾಣುವ S ಅಂಕಿ ಇದಕ್ಕೆ ತದ್ವಿರುದ್ಧ: ಅಲ್ಲಿ ಕಿರಣ ಕಡಿಮೆಯಾದಷ್ಟೂ ಅಂಕಿ ಏರುತ್ತದೆ. ನೀವು ಕೆಲಸ ಮಾಡುವ ಯಂತ್ರ ಯಾವ ಅಂಕಿ ತೋರಿಸುತ್ತದೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಇನ್ನೊಂದು ಎಚ್ಚರ: ಕಿರಣದ ಚೌಕವನ್ನು ಸರಿಯಾಗಿ ಕಿರಿದು ಮಾಡದೆ ದೇಹದ ಹೊರಗಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರಿದರೆ ಈ ಅಂಕಿಯೇ ದಾರಿ ತಪ್ಪಬಹುದು. ಅಂಕಿಯನ್ನು ಕಣ್ಣಿನ ಸಾಕ್ಷಿಯ ಜೊತೆಗಿಟ್ಟು ಓದಬೇಕು.

ಕಿರಣ ಅರ್ಧವಾದದ್ದೇಕೆ? ಕೆವಿಪಿ, ಎಂಎಎಸ್ ಎರಡೂ ಬೆಳಗಿನಿಂದ ಬದಲಾಗಿಲ್ಲ. ಆಗ ಟೇಪು ಹಿಡಿದು ನೋಡಬೇಕು. 120 ಸೆಂಟಿಮೀಟರ್ ಇರಬೇಕಾದ ದೂರ 170 ಆಗಿತ್ತು. ಜನ ಹೆಚ್ಚಿ ಜಾಗ ಮಾಡಿಕೊಡಲು ಯಾರೋ ಸ್ಟ್ಯಾಂಡನ್ನು ಹಿಂದಕ್ಕೆ ಸರಿಸಿದ್ದಾರೆ. ಕಿರಣದ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 120ನ್ನು 170ರಿಂದ ಭಾಗಿಸಿ ವರ್ಗ ಮಾಡಿದರೆ ಹೆಚ್ಚುಕಡಿಮೆ ಅರ್ಧ. ಅರ್ಧ ಮೀಟರಿನ ಸರಿತ ಅರ್ಧ ಕಿರಣವನ್ನು ತಿಂದಿದೆ. ಇದು ತಿಳಿಯದೆ ಎಂಎಎಸ್ ಏರಿಸಿಬಿಟ್ಟರೆ ಸ್ಟ್ಯಾಂಡ್ ಮತ್ತೆ ಹಳೆಯ ಜಾಗಕ್ಕೆ ಬಂದಾಗ ಮುಂದಿನ ರೋಗಿಗಳಿಗೆಲ್ಲ ದುಪ್ಪಟ್ಟು ಕಿರಣ ಬೀಳುತ್ತದೆ, ಮತ್ತು ಡಿಜಿಟಲ್ ಪರದೆ ಅದನ್ನು ಕಣ್ಣಿಗೆ ತೋರಿಸುವುದೂ ಇಲ್ಲ. ನೆಲದ ಮೇಲೆ ಟೇಪು ಅಂಟಿಸಿ ಸ್ಟ್ಯಾಂಡಿನ ಕಾಲುಗಳ ಜಾಗ ಗುರುತು ಮಾಡುವುದು ಇದಕ್ಕೆ ಸಾಕಾಗುವ ಪರಿಹಾರ.

ಕೊನೆಗೆ ಹೆಗಲು. ಕೈಗಳನ್ನು ಸೊಂಟದ ಮೇಲಿಟ್ಟು ಮೊಣಕೈಗಳನ್ನು ಮುಂದಕ್ಕೆ ತಂದರೆ ಹಲಗೆಮೂಳೆಗಳು ಶ್ವಾಸಕೋಶದಿಂದ ಹೊರಗೆ ಸರಿಯುತ್ತವೆ. ಸರಿಯದಿದ್ದರೆ ಅವುಗಳ ಒಳ ಅಂಚು ಶ್ವಾಸಕೋಶದ ಮೇಲೆ ಉದ್ದ ಗೆರೆಯಾಗಿ ಬಿದ್ದು, ಶ್ವಾಸಕೋಶ ಕುಸಿದು ಗಾಳಿ ತುಂಬಿದೆ ಎಂಬ ಅನುಮಾನ ಹುಟ್ಟಿಸುತ್ತದೆ. ಆ ಗೆರೆಯನ್ನು ಮೇಲೆ ಕೆಳಗೆ ಹಿಂಬಾಲಿಸಿದರೆ ಅದು ಎದೆಗೂಡಿನ ಹೊರಗೆ ಹೋಗಿ ಮೂಳೆಯೊಂದಿಗೆ ಕೂಡುತ್ತದೆ. ಗೆರೆಯಾಚೆಯೂ ರಕ್ತನಾಳದ ಕವಲು ಕಂಡರೆ ಅಲ್ಲಿ ಶ್ವಾಸಕೋಶ ಕುಸಿದಿಲ್ಲ ಎಂದರ್ಥ. ಹೆಗಲನ್ನು ಮುಂದೆ ತಂದಂತೆಯೇ ಕೆಳಗೂ ಇಳಿಸಬೇಕು. ಕಾಲರ್ ಮೂಳೆಯ ಮೇಲೆ ಸುಮಾರು ಎರಡೂವರೆ ಸೆಂಟಿಮೀಟರ್ ಶ್ವಾಸಕೋಶದ ತುದಿ ಕಾಣಬೇಕು. ಚಳಿಗೋ ಭಯಕ್ಕೋ ಹೆಗಲು ಎತ್ತಿಕೊಂಡು ನಿಂತರೆ ಕಾಲರ್ ಮೂಳೆಗಳು ಮೇಲೇರಿ ಆ ತುದಿಯ ಮೇಲೆಯೇ ಕೂರುತ್ತವೆ. ವಯಸ್ಕರಲ್ಲಿ ಕ್ಷಯ ಹೆಚ್ಚಾಗಿ ಮನೆ ಮಾಡುವುದು ಅಲ್ಲೇ. ಹಿಂದಕ್ಕೆ ಬಾಗಿ ನಿಂತವರಲ್ಲೂ ಕಾಲರ್ ಮೂಳೆ ಮೇಲೇರುತ್ತದೆ. ಆದರೆ ಆಗ ಪಕ್ಕೆಲುಬುಗಳು ಅಡ್ಡಡ್ಡವಾಗಿ ಮಲಗಿದಂತೆ ಕಾಣುವುದರಿಂದ ವ್ಯತ್ಯಾಸ ತಿಳಿಯುತ್ತದೆ.

ಹೆಣ್ಣುಮಕ್ಕಳ ಚಿತ್ರದಲ್ಲಿ ಇದೇ ತುದಿಗೆ ಜಡೆ ಬಂದು ಬೀಳುತ್ತದೆ. ಒದ್ದೆ ಕೂದಲಿನ ದಪ್ಪ ಜಡೆ ಹೆಗಲ ಮೇಲೆ ಇಳಿದಿದ್ದರೆ ಶ್ವಾಸಕೋಶದ ತುದಿಯಲ್ಲಿ ಎಳೆ ಎಳೆಯಾದ ಮಬ್ಬು ಮೂಡುತ್ತದೆ, ನೋಡಲು ಕ್ಷಯದ ನೆರಳಿನಂತೆಯೇ. ಜಡೆಯನ್ನು ಮೇಲಕ್ಕೆತ್ತಿ ಕಟ್ಟಿಸಬೇಕು. ಸೀರೆಯ ಜರಿಯಲ್ಲಿ ಲೋಹದ ಎಳೆಯಿದ್ದರೆ ಅದೂ ಗೆರೆಯಾಗಿ ಬೀಳುತ್ತದೆ. ರವಿಕೆಯ ಹುಕ್ಕು, ತಾಯಿತ, ಮಾಂಗಲ್ಯ ಎಲ್ಲವೂ ಹಾಗೆಯೇ. ‘ತಾಳಿ ತೆಗೀರಿ’ ಎನ್ನಲು ಸಂಕೋಚವಾಗುತ್ತದೆ, ಕೇಳಿಸಿಕೊಂಡವರಿಗೂ ನೋವಾಗುತ್ತದೆ. ‘ಅಮ್ಮಾ, ಸರವನ್ನ ಸ್ವಲ್ಪ ಮೇಲಕ್ಕೆತ್ತಿ ಗಲ್ಲದಲ್ಲಿ ಒತ್ತಿ ಹಿಡ್ಕೊಳ್ಳಿ’ ಎಂದರೆ ಹಲವರಿಗೆ ಅಷ್ಟೇ ಸಾಕು. ಪರದೆ ಕಟ್ಟಿದ ಒಂದು ಮೂಲೆ, ಒಂದು ಹತ್ತಿ ಮೇಲಂಗಿ, ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆ ಇದ್ದರೆ ಅರ್ಧ ತೊಂದರೆ ಇಲ್ಲೇ ನೀಗುತ್ತದೆ.

ನೇಕಾರರ ಚಿತ್ರದಲ್ಲಿ ಹೆಗಲು ಮೇಲೇರಿತ್ತು. ಹೀಗೆ ನಾಲ್ಕೂ ಜಾಗಗಳಲ್ಲಿ ದೋಷ ಕಂಡ ಮೇಲೆ ಮತ್ತೊಮ್ಮೆ ತೆಗೆಯುವ ನಿರ್ಧಾರ ಸರಿಯಾದದ್ದೇ. ಎದೆಯ ಒಂದು ಪಿಎ ಚಿತ್ರದಿಂದ ದೇಹಕ್ಕೆ ಬೀಳುವುದು ಸುಮಾರು 0.02 ಮಿಲಿಸೀವರ್ಟ್, ಪ್ರಕೃತಿಯಿಂದ ಮೂರು ದಿನದಲ್ಲಿ ನಮಗೆಲ್ಲ ಬೀಳುವಷ್ಟು. ಹಾಗೆಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಆದರೆ ತಪ್ಪು ಓದಿನಿಂದ ಆಗುವ ಹಾನಿಗೆ ಹೋಲಿಸಿದರೆ ಅದು ಕಡಿಮೆ. ಮತ್ತೆ ತೆಗೆಯುವ ಮೊದಲು ಏನೇನು ತಿದ್ದಬೇಕು ಎಂಬುದು ಸ್ಪಷ್ಟವಾಗಿರಬೇಕು, ಇಲ್ಲದಿದ್ದರೆ ಎರಡನೆಯದೂ ಮೊದಲಿನಂತೆಯೇ ಬರುತ್ತದೆ. ಇಲ್ಲಿ ಸ್ಟ್ಯಾಂಡನ್ನು 120ಕ್ಕೆ ತಂದರು, ಎರಡೂ ಹೆಗಲು ಡಿಟೆಕ್ಟರಿಗೆ ತಾಗುವಂತೆ ಮುಂದೆ ತಂದು ಕೆಳಗಿಳಿಸಿದರು, ಪಾದಗಳನ್ನು ಸಮವಾಗಿ ಇಡಿಸಿದರು (ಪಾದ ಓರೆಯಾಗಿದ್ದರೆ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಎದೆಯೂ ತಿರುಗುತ್ತದೆ), ಉಸಿರನ್ನು ಒಮ್ಮೆ ಅಭ್ಯಾಸ ಮಾಡಿಸಿದರು.

ಎರಡನೆಯ ಚಿತ್ರದಲ್ಲಿ ಮುಳ್ಳಿನಿಂದ ಎರಡೂ ಕಡೆ 2 ಸೆಂಟಿಮೀಟರ್. ಹಿಂಬದಿಯ ಪಕ್ಕೆಲುಬು ಹತ್ತು. EI 290, DI −0.1. ಶ್ವಾಸನಾಳ ನಡುವೆ ಬಂತು, ತಳದ ಮಬ್ಬು ಹೋಯಿತು, ಹೃದಯ ಅರ್ಧದೊಳಗೆ ನಿಂತಿತು, ಚುಕ್ಕೆಗಳು ಇಲ್ಲವಾದವು. ವಿದ್ಯಾರ್ಥಿ ಕಟ್ಟಿದ್ದ ಕಥೆಯ ಒಂದು ಸಾಲೂ ಉಳಿಯಲಿಲ್ಲ. ಆದರೆ ಮೊದಲ ಚಿತ್ರದಲ್ಲಿ ಎಡ ಕಾಲರ್ ಮೂಳೆ ಮುಚ್ಚಿಕೊಂಡಿದ್ದ ಜಾಗ ಈಗ ಬಯಲಾಗಿತ್ತು. ಅಲ್ಲಿ ಒಂದೂವರೆ ಸೆಂಟಿಮೀಟರಿನ, ಅಂಚು ಸ್ಪಷ್ಟವಿಲ್ಲದ ಒಂದು ನೆರಳು ಇತ್ತು. ಮೊದಲ ಚಿತ್ರವನ್ನೇ ಕಳಿಸಿದ್ದರೆ ವೈದ್ಯರ ಗಮನವೆಲ್ಲ ಬಲಕ್ಕೆ, ಹಳೆಯ ಗಾಯದ ಕಡೆಗೆ ಹೋಗುತ್ತಿತ್ತು. ಈಗ ಅವರ ಕಫ ಟ್ರೂನಾಟ್ ಪರೀಕ್ಷೆಗೆ ಹೋಗುವುದು ಸರಿಯಾದ ಕಾರಣಕ್ಕಾಗಿ. ನೆರಳು ಕ್ಷಯವೇ ಹೌದೋ ಅಲ್ಲವೋ ಎಂಬುದನ್ನು ಚಿತ್ರ ಹೇಳಲಾರದು, ಕಫವೇ ಹೇಳಬೇಕು.

ಎಲ್ಲರನ್ನೂ ಹೀಗೆ ನಿಲ್ಲಿಸಲು ಆಗುವುದಿಲ್ಲ. ಬೆನ್ನು ಗೂನಾದ ಅಜ್ಜಿಯನ್ನು ನೇರ ಮಾಡಲಾಗದು, ಏದುಸಿರು ಬಿಡುವವರಿಗೆ ಉಸಿರು ಹಿಡಿಯಲಾಗದು, ಪಾರ್ಶ್ವವಾಯು ಆದವರು ಕೂತೇ ಇರುತ್ತಾರೆ. ಅವರ ಚಿತ್ರವನ್ನು ಮತ್ತೆ ಮತ್ತೆ ತೆಗೆಯುವ ಬದಲು ಚೀಟಿಯ ಮೇಲೆ ಎರಡು ಸಾಲು ಬರೆಯಿರಿ: ‘ಕೂತು ತೆಗೆದದ್ದು, ಎಪಿ, 100 ಸೆಂ.ಮೀ., ಉಸಿರು ಅಪೂರ್ಣ, ಸುಮಾರು ಎಂಟು ಪಕ್ಕೆಲುಬು, ಬಲಕ್ಕೆ ತಿರುಗಿದ್ದಾರೆ, ಬೆನ್ನು ಗೂನು.’ ಓದುವವರು ದೊಡ್ಡಬಳ್ಳಾಪುರದಲ್ಲೋ ಬೆಂಗಳೂರಿನಲ್ಲೋ ಕೂತು ಬರೀ ಚಿತ್ರ ನೋಡುತ್ತಿರುತ್ತಾರೆ. ರೋಗಿ ಹೇಗೆ ಕೂತಿದ್ದರು ಎಂಬುದನ್ನು ಕಣ್ಣಾರೆ ಕಂಡವರು ನೀವು ಮಾತ್ರ.